ಬೆನೆಟ್ ಪ್ರಬಂಧದ ಮರೆತ ಅರ್ಧ

ಚಾರ್ಲ್ಸ್ ಬೆನೆಟ್ 1973ರಲ್ಲಿ ಐಬಿಎಂನ ಸಂಶೋಧನಾ ಪತ್ರಿಕೆಯಲ್ಲಿ ಗಣನೆಯ ತಾರ್ಕಿಕ ಹಿಮ್ಮರಳಿಕೆಯ ಬಗ್ಗೆ ಬರೆದ ಪ್ರಬಂಧಕ್ಕೆ ಕೀರ್ತಿಯ ಕೊರತೆಯಿಲ್ಲ. ಆದರೆ ಆ ಕೀರ್ತಿ ಸಂದಿರುವುದು ಪ್ರಬಂಧದ ಚಿಕ್ಕ ಸಾಧನೆಗೆ. ತತ್ತ್ವತಃ ಎಷ್ಟು ಬೇಕಾದರೂ ಕಡಿಮೆ ಶಾಖದಲ್ಲಿ ಲೆಕ್ಕ ಮಾಡಬಹುದು ಎಂದು ತೋರಿಸಿದ ಬರಹವೆಂದೇ ಅದನ್ನು ನೆನೆಯುತ್ತಾರೆ. ಅಲ್ಲಿಂದ ಜನಪ್ರಿಯ ವಿಜ್ಞಾನ ಬರಹಗಳಿಗೆ ಒಂದು ಸುಲಭದ ವಾದ ಸಿಕ್ಕಿಬಿಟ್ಟಿದೆ: ಮಾಹಿತಿ ಅಳಿಸಿದರೆ ಶಾಖ ಹುಟ್ಟುತ್ತದೆ, ಕ್ವಾಂಟಮ್ ಗೇಟುಗಳು ಏನನ್ನೂ ಅಳಿಸುವುದಿಲ್ಲ, ಆದ್ದರಿಂದಲೇ ಅವು ಯುನಿಟರಿ. ಮೊದಲೆರಡು ಮಾತು ಸರಿ. ಮೂರನೆಯದು ಅವುಗಳಿಂದ ಹುಟ್ಟುವುದೇ ಇಲ್ಲ.

ಯುನಿಟರಿ ಗುಣಕ್ಕೆ ಕಾರಣ ಸಂಭವನೀಯತೆಯ ಲೆಕ್ಕದಲ್ಲಿದೆ. ಒಳಗೆ 0 ಬಂದರೂ 1 ಬಂದರೂ 0 ಅನ್ನೇ ಹೊರಹಾಕುವ 'ಅಳಿಸುವ ಗೇಟ್' ಒಂದಿದೆ ಎಂದುಕೊಳ್ಳೋಣ. ಕ್ವಾಂಟಮ್ ವಿಕಾಸ ರೇಖೀಯವಾದದ್ದು. ಅಂದರೆ |0⟩ ಮತ್ತು |1⟩ರ ಮೇಲೆ ಗೇಟ್ ಏನು ಮಾಡುತ್ತದೆಂದು ಹೇಳಿದರೆ ಅವುಗಳ ಯಾವುದೇ ಮಿಶ್ರಣದ ಮೇಲೆ ಏನು ಮಾಡುತ್ತದೆಂಬುದೂ ನಿಶ್ಚಯವಾಗುತ್ತದೆ. ಈಗ (|0⟩ − |1⟩)/√2 ಸ್ಥಿತಿಯನ್ನು ಈ ಗೇಟಿಗೆ ಕೊಟ್ಟರೆ |0⟩ − |0⟩, ಅಂದರೆ ಸೊನ್ನೆ ಬರುತ್ತದೆ: ಅಳತೆ ಮಾಡಿದಾಗ ಯಾವ ಉತ್ತರಕ್ಕೂ ಸಂಭವನೀಯತೆಯೇ ಇಲ್ಲ. (|0⟩ + |1⟩)/√2 ಕೊಟ್ಟರೆ √2|0⟩ ಬರುತ್ತದೆ: ಒಂದೇ ಉತ್ತರದ ಸಂಭವನೀಯತೆ 2. ಎರಡೂ ಅಸಂಬದ್ಧ. ಪ್ರತಿಯೊಂದು ಮಿಶ್ರಣಕ್ಕೂ ಒಟ್ಟು ಸಂಭವನೀಯತೆ 1 ಆಗಿಯೇ ಉಳಿಯಬೇಕೆಂದರೆ ಬೇರೆಬೇರೆಯಾಗಿದ್ದ ಎರಡು ಸ್ಥಿತಿಗಳು ಒಂದಾಗಿ ಬೆರೆಯುವಂತಿಲ್ಲ. ಅವುಗಳ ನಡುವಿನ ಕೋನವೂ ಬದಲಾಗುವಂತಿಲ್ಲ. ಯುನಿಟರಿ ಎಂದರೆ ಇಷ್ಟೇ. ಈ ವಾದದಲ್ಲಿ ಉಷ್ಣಾಂಶ ಎಂಬ ಪದವೇ ಬರಲಿಲ್ಲ.

ರಾಲ್ಫ್ ಲ್ಯಾಂಡೌವರ್ 1961ರಲ್ಲಿ ಕೊಟ್ಟ ತತ್ತ್ವ ಸುಳ್ಳೆಂದು ಇದರ ಅರ್ಥವಲ್ಲ. ಒಂದು ಬಿಟ್ ಅಳಿಸಲು ಕನಿಷ್ಠ kT ln 2ರಷ್ಟು, ಕೋಣೆಯ ಉಷ್ಣಾಂಶದಲ್ಲಿ ಸುಮಾರು 2.9 × 10⁻²¹ ಜೂಲ್ ಶಾಖ ಹೊರಬೀಳಬೇಕು ಎಂಬುದಕ್ಕೆ 2012ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಲೇಸರಿನಿಂದ ಹಿಡಿದಿಟ್ಟ ಪುಟ್ಟ ಸಿಲಿಕಾ ಕಣದ ಮೇಲೆ ನಡೆದ ಪ್ರಯೋಗ ಬೆಂಬಲ ಕೊಟ್ಟಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಜಾನ್ ನಾರ್ಟನ್ ಈ ತತ್ತ್ವಕ್ಕೆ ಕೊಡುವ ಪುರಾವೆಗಳೇ ದೋಷಪೂರ್ಣವೆಂದು ವರ್ಷಗಟ್ಟಲೆ ವಾದಿಸಿದ್ದಾರೆ. ಬೆನೆಟ್ 2003ರಲ್ಲಿ ತತ್ತ್ವವನ್ನು ಸಮರ್ಥಿಸಿ ಬರೆದಿದ್ದಾರೆ. ಜಗಳ ಗಂಭೀರವಾದದ್ದು, ಓದತಕ್ಕದ್ದು. ಆದರೆ ಕ್ವಾಂಟಮ್ ಗೇಟಿನ ಪ್ರಶ್ನೆಗೆ ಅದು ಸಂಬಂಧಪಡುವುದಿಲ್ಲ. ನಾಳೆ ನಾರ್ಟನ್ ಗೆದ್ದರೂ ಮೇಲಿನ ಅಳಿಸುವ ಗೇಟ್ ಸಂಭವನೀಯತೆ 2 ಅನ್ನೇ ಕೊಡುತ್ತದೆ. ಶಾಖದ ಕಥೆಯನ್ನು ಇಲ್ಲಿಗೆ ಎಳೆದು ತರುವವರು ಓದುಗರನ್ನು ದಾರಿ ತಪ್ಪಿಸುತ್ತಿದ್ದಾರೆ. ಇಂದಿನ ಕ್ವಾಂಟಮ್ ಯಂತ್ರಗಳ ಶೀತಕಗಳೂ ನಿಯಂತ್ರಣ ಉಪಕರಣಗಳೂ ಉಣ್ಣುವ ವಿದ್ಯುತ್ತಿನ ಮುಂದೆ ಲ್ಯಾಂಡೌವರ್ ಮಿತಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಬೆನೆಟ್ ಪ್ರಬಂಧದಲ್ಲಿ ನಿಜಕ್ಕೂ ಓದಬೇಕಾದ್ದು ಅದರ ನಡುವಿನ ಮೂರು ಹಂತದ ರಚನೆ. ಸಾಮಾನ್ಯ ಟ್ಯೂರಿಂಗ್ ಯಂತ್ರ ತಾನು ಬಂದ ದಾರಿಯನ್ನು ಮರೆಯುತ್ತ ಹೋಗುತ್ತದೆ. ಬೆನೆಟ್ ಅದಕ್ಕೆ ಮೂರು ಟೇಪು ಕೊಡುತ್ತಾರೆ: ಕೆಲಸಕ್ಕೆ ಒಂದು, ಇತಿಹಾಸಕ್ಕೆ ಒಂದು, ಉತ್ತರಕ್ಕೆ ಒಂದು. ಮೊದಲ ಹಂತದಲ್ಲಿ ಯಂತ್ರ ಲೆಕ್ಕ ಮಾಡುತ್ತ ಪ್ರತಿ ಹೆಜ್ಜೆಯನ್ನೂ ಇತಿಹಾಸದ ಟೇಪಿನಲ್ಲಿ ಬರೆಯುತ್ತದೆ. ಎರಡನೆಯದರಲ್ಲಿ ಉತ್ತರವನ್ನು ಖಾಲಿ ಟೇಪಿಗೆ ನಕಲು ಮಾಡುತ್ತದೆ. ಮೂರನೆಯದರಲ್ಲಿ ಇಡೀ ಲೆಕ್ಕವನ್ನು ಹಿಂದುಮುಂದಾಗಿ ಓಡಿಸುತ್ತದೆ.

ಸೊಗಸು ಇರುವುದು ಎರಡನೆಯ ಹಂತದಲ್ಲಿ. ನಕಲು ಮಾಡದೆ ಹಿಂದಕ್ಕೆ ಓಡಿದರೆ ಕಸದ ಜೊತೆ ಉತ್ತರವೂ ಹೋಗುತ್ತದೆ. ಖಾಲಿ ಟೇಪಿನ ಮೇಲೆ ಮಾಡಿದ ನಕಲಾದರೋ ಹಿಮ್ಮರಳಿಸಬಲ್ಲ ಕೆಲಸವೇ. ಮೂರನೆಯ ಹಂತದಲ್ಲಿ ಇತಿಹಾಸ ಮಾಯವಾಗುವುದು ಅಳಿಸಿದ್ದರಿಂದಲ್ಲ. ಅದನ್ನು ಬರೆದ ಹೆಜ್ಜೆಗಳೇ ತಿರುಗಿ ನಡೆದದ್ದರಿಂದ. ಕೊನೆಗೆ ಉಳಿಯುವುದು ಪ್ರಶ್ನೆ ಮತ್ತು ಉತ್ತರ ಎರಡೇ.

1973ರಲ್ಲಿ ಇದು ಒಪ್ಪವಾದ ಒಂದು ಉಪಾಯ ಮಾತ್ರ. ಕಸ ಉಳಿದರೆ ಟೇಪು ತುಂಬುತ್ತದೆ, ಅಷ್ಟೇ. ಕ್ವಾಂಟಮ್ ಯಂತ್ರದಲ್ಲಿ ಕಸ ಉಳಿದರೆ ಉತ್ತರವೇ ಕೆಡುತ್ತದೆ. ಅದನ್ನು ಎರಡು ಕ್ಯೂಬಿಟ್‌ಗಳಲ್ಲೇ ಕಾಣಬಹುದು. |0⟩ ಸ್ಥಿತಿಯ ಕ್ಯೂಬಿಟ್‌ಗೆ ಹ್ಯಾಡಮಾರ್ಡ್ ಗೇಟ್ ಹಾಕಿದರೆ (|0⟩ + |1⟩)/√2 ಬರುತ್ತದೆ. ಮತ್ತೊಮ್ಮೆ ಹಾಕಿದರೆ |1⟩ಕ್ಕೆ ಹೋಗುವ ಎರಡು ದಾರಿಗಳು ಒಂದನ್ನೊಂದು ಕಳೆದುಕೊಂಡು ಖಚಿತವಾಗಿ 0 ಸಿಗುತ್ತದೆ. ಈಗ ಎರಡು ಹ್ಯಾಡಮಾರ್ಡ್‌ಗಳ ನಡುವೆ ಒಂದು ಸಿ-ನಾಟ್ ಗೇಟ್ ಸೇರಿಸಿ ಮೊದಲ ಕ್ಯೂಬಿಟ್‌ನ ಬೆಲೆಯನ್ನು ಪಕ್ಕದ ಖಾಲಿ ಕ್ಯೂಬಿಟ್‌ಗೆ ಬರೆದಿಡೋಣ. ಸ್ಥಿತಿ (|00⟩ + |11⟩)/√2 ಆಗುತ್ತದೆ. ಎರಡನೆಯ ಹ್ಯಾಡಮಾರ್ಡ್ ಆದ ಮೇಲೆ ಅದು (|00⟩ + |10⟩ + |01⟩ − |11⟩)/2. |10⟩ ಮತ್ತು |11⟩ ಬೇರೆಬೇರೆ ಸ್ಥಿತಿಗಳಾದ್ದರಿಂದ ಅವು ಕಳೆಯುವುದಿಲ್ಲ. ಮೊದಲ ಕ್ಯೂಬಿಟ್ ಅಳೆದರೆ ಅರ್ಧಕ್ಕರ್ಧ 0, ಅರ್ಧಕ್ಕರ್ಧ 1. ಪಕ್ಕದ ಕ್ಯೂಬಿಟ್ಟನ್ನು ಯಾರೂ ನೋಡಬೇಕಾಗಿಲ್ಲ, ಅದು ಇದ್ದರೆ ಸಾಕು. ಎರಡನೆಯ ಹ್ಯಾಡಮಾರ್ಡ್‌ಗೆ ಮುನ್ನ ಅದೇ ಸಿ-ನಾಟ್ ಅನ್ನು ಇನ್ನೊಮ್ಮೆ ಹಾಕಿದರೆ ನಕಲು ಹೋಗಿ, ಖಚಿತವಾದ 0 ಮರಳುತ್ತದೆ.

ಇಲ್ಲಿ ಗಮನಿಸಬೇಕಾದ್ದೆಂದರೆ ಎಲ್ಲ ಗೇಟುಗಳೂ ಯುನಿಟರಿಯಾಗಿಯೇ ಇದ್ದವು. ಗೇಟುಗಳು ಹಿಮ್ಮರಳಬಲ್ಲವಾದರೂ ಲೆಕ್ಕ ಕೆಟ್ಟಿತು. ಟೊಫೊಲಿ ಗೇಟಿನಿಂದ ಯಾವ ಲೆಕ್ಕವನ್ನಾದರೂ ಹಿಮ್ಮರಳಿಸಬಲ್ಲದ್ದಾಗಿ ಮಾಡಬಹುದೆಂದು ಹೇಳಿ ನಿಲ್ಲುವ ಪಾಠಗಳು ಈ ಅರ್ಧವನ್ನು ಬಿಟ್ಟುಬಿಡುತ್ತವೆ.

ದೊಡ್ಡ ಲೆಕ್ಕಗಳಲ್ಲೂ ಇದೇ ನಡೆ. ಶೋರ್ ಕ್ರಮದಲ್ಲಿ 15ನ್ನು ಅಪವರ್ತಿಸಲು x ಅನ್ನು 7x ಆಗಿ (15ರಿಂದ ಭಾಗಿಸಿದ ಶೇಷವಾಗಿ) ಬದಲಿಸಬೇಕೆನ್ನೋಣ. x = 2 ಆದರೆ ಪಕ್ಕದ ರಿಜಿಸ್ಟರಿನಲ್ಲಿ 14 ಸಿಗುತ್ತದೆ, ಆದರೆ ಹಳೆಯ 2 ಕಸವಾಗಿ ಉಳಿಯುತ್ತದೆ. 7 × 13 = 91, ಶೇಷ 1; ಹಾಗಾಗಿ 13 ಎಂಬುದು 7ರ ವಿಲೋಮ. 14 × 13 = 182, ಶೇಷ 2. ಈ 2ನ್ನು ಹಳೆಯ 2ರಿಂದ ಕಳೆದರೆ ಆ ರಿಜಿಸ್ಟರ್ ಶುದ್ಧ ಸೊನ್ನೆ. ಉತ್ತರದಿಂದಲೇ ಪ್ರಶ್ನೆಯನ್ನು ಮರಳಿ ಲೆಕ್ಕಹಾಕಿ ತೊಡೆಯುವ ಈ ಕ್ರಮ ಬೆನೆಟ್ ಉಪಾಯದ ನೇರ ಮುಂದುವರಿಕೆ. 2020ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಿಂದ ಬಂದ ಸಿಲ್ಕ್ ಎಂಬ ಕ್ವಾಂಟಮ್ ಭಾಷೆಯ ಮುಖ್ಯ ಹೆಗ್ಗಳಿಕೆಯೇ ಇಂಥ ಕಸವನ್ನು ತಾನಾಗಿ ತೆಗೆಯುವುದು.

ಬೆನೆಟ್ ರಚನೆಗೆ ಬೆಲೆಯೂ ಉಂಟು. ಹಿಂದಕ್ಕೆ ಓಡುವುದರಿಂದ ಸಮಯ ಹೆಚ್ಚುಕಡಿಮೆ ಇಮ್ಮಡಿ. ಇತಿಹಾಸ ಹೆಜ್ಜೆಗಳ ಸಂಖ್ಯೆಯಷ್ಟೇ ಉದ್ದ. 1989ರಲ್ಲಿ ಬೆನೆಟ್ ಅವರೇ ಲೆಕ್ಕವನ್ನು ತುಂಡುಮಾಡಿ ಜಾಗ ಉಳಿಸುವ, ಆದರೆ ಇನ್ನಷ್ಟು ಸಮಯ ಕೇಳುವ ದಾರಿ ಕಂಡುಕೊಂಡರು. ಜೊತೆಗೆ, 'ಎಲ್ಲವೂ ಯುನಿಟರಿಯಾಗಿರಲೇಬೇಕು' ಎಂಬ ಶಿಸ್ತನ್ನು ಯಂತ್ರದ ಒಳಗಿನ ಪ್ರತಿ ಹೆಜ್ಜೆಗೂ ಹೇರುವುದೂ ತಪ್ಪು. ದೋಷ ತಿದ್ದುವಿಕೆಗೆ ಅಳತೆಯೋ ಹೊಸ ಶುದ್ಧ ಕ್ಯೂಬಿಟ್‌ಗಳೋ ಬೇಕೇ ಬೇಕು. ಅಲ್ಲದಿದ್ದರೆ ಗದ್ದಲ ತುಂಬಿಕೊಳ್ಳುತ್ತ ಹೋಗುತ್ತದೆ.

ಕ್ರೇಗ್ ಗಿಡ್ನಿ 2018ರಲ್ಲಿ ತೋರಿಸಿದ ಕೂಡಿಸುವ ಸರ್ಕ್ಯೂಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ಎರಡು ಬಿಟ್‌ಗಳ ಗುಣಲಬ್ಧವನ್ನು ಇಟ್ಟ ತಾತ್ಕಾಲಿಕ ಕ್ಯೂಬಿಟ್ಟನ್ನು ಹಿಂದಕ್ಕೆ ಓಡಿಸುವುದಿಲ್ಲ. ಹ್ಯಾಡಮಾರ್ಡ್ ಹಾಕಿ ಅಳೆದುಬಿಡುತ್ತಾರೆ. ಬರುವ ಉತ್ತರ ಗುಣಲಬ್ಧ ಏನೇ ಇದ್ದರೂ ಸಮಸಂಭವ, ಆದ್ದರಿಂದ ಅದು ಗುಣಲಬ್ಧದ ಗುಟ್ಟನ್ನು ಬಿಡುವುದಿಲ್ಲ. 1 ಬಂದರೆ ಒಂದು ಚಿಹ್ನೆಯನ್ನು ಸರಿಪಡಿಸಿದರಾಯಿತು. n ಬಿಟ್‌ಗಳ ಕೂಡಿಕೆಗೆ ಸುಮಾರು 8n ಬೇಕಾಗುತ್ತಿದ್ದ ದುಬಾರಿ ಟಿ-ಗೇಟುಗಳು ಸುಮಾರು 4nಕ್ಕೆ ಇಳಿದವು. ಅಳತೆ ಹಿಮ್ಮರಳದ ಕೆಲಸ. ಆದರೂ ಇಲ್ಲಿ ವ್ಯತಿಕರಣ ಕೆಡಲಿಲ್ಲ, ಏಕೆಂದರೆ ಯಾವ ದಾರಿ ಹಿಡಿದೆವೆಂಬ ಸುದ್ದಿ ಹೊರಗೆ ಹೋಗಲಿಲ್ಲ. ಬೆನೆಟ್ ಅವರ ಮೂರನೆಯ ಹಂತ ಕಾಪಾಡುತ್ತಿದ್ದದ್ದೂ ಇದನ್ನೇ. ಆ ಪ್ರಬಂಧವನ್ನು ಕ್ವಾಂಟಮ್ ಪಠ್ಯಗಳು ಉಷ್ಣಗತಿಶಾಸ್ತ್ರದ ಅಡಿಟಿಪ್ಪಣಿಯಿಂದ ಎತ್ತಿ ಸರ್ಕ್ಯೂಟ್ ರಚನೆಯ ಮೊದಲ ಅಧ್ಯಾಯಕ್ಕೆ ತರಬೇಕು.