ಬೆಟ್ಟದ ಸಾಲಿನಿಂದ ಕಣ್ಣಪಾಪೆಯವರೆಗೆ

2018ರ ಜುಲೈನಲ್ಲಿ ಒಂದು ವಿಡಿಯೊ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಸಮವಸ್ತ್ರ ತೊಟ್ಟವರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ ಗುಂಡಿಟ್ಟು ಕೊಲ್ಲುವ ದೃಶ್ಯ ಅದು. ಇದು ಕ್ಯಾಮರೂನ್ ಸೇನೆಯ ಕೃತ್ಯ ಎಂಬ ಆರೋಪ ಬಂತು. ಸುಳ್ಳು ಸುದ್ದಿ ಎಂದು ಅಲ್ಲಿನ ಸರ್ಕಾರ ತಳ್ಳಿಹಾಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಸಿ ಆಫ್ರಿಕಾ ಐ ತಂಡದ ‘ಅನಾಟಮಿ ಆಫ್ ಎ ಕಿಲ್ಲಿಂಗ್’ ಎಂಬ ಪುಟ್ಟ ಸಾಕ್ಷ್ಯಚಿತ್ರ ಹೊರಬಂತು. ಎಲ್ಲಿ, ಯಾವಾಗ, ಯಾರು ಎಂಬ ಮೂರು ಪ್ರಶ್ನೆಗಳಿಗಷ್ಟೇ ಅದು ಉತ್ತರ ಹುಡುಕುತ್ತದೆ. ಚಿತ್ರ ನೋಡಿ ಜಾಗ ಹೇಳುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಆ ವಿದ್ಯೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದಕ್ಕೂ ಈ ಚಿತ್ರವೇ ಸಾಕು.

ವಿಡಿಯೊದ ಮೊದಲ ಕೆಲವು ಕ್ಷಣಗಳಲ್ಲಿ ಹಿಂದೆ ಒಂದು ಬೆಟ್ಟದ ಸಾಲು ಕಾಣುತ್ತದೆ. ಅದರ ಏರಿಳಿತದ ಗೆರೆಯನ್ನು ಗೂಗಲ್ ಅರ್ಥ್‌ನಲ್ಲಿ ಮೂಡುವ ಬೆಟ್ಟಗಳ ಗೆರೆಗೆ ಹೊಂದಿಸುವುದು ತಂಡದ ಮೊದಲ ಯತ್ನ. ಎಷ್ಟು ತಡಕಾಡಿದರೂ ಸಿಗಲಿಲ್ಲ. ಕೊನೆಗೆ ಕ್ಯಾಮರೂನಿನ ಒಬ್ಬರು, ಝೆಲೆವೆಟ್ ಊರಿನ ಆಸುಪಾಸು ನೋಡಿದ್ದೀರಾ ಎಂದು ಸುಳಿವು ಕೊಟ್ಟರು. ಅಲ್ಲಿ ಗೆರೆ ಕೂಡಿತು. ಬೆಟ್ಟ ಕೂಡಿದ ಮೇಲೆ ಉಳಿದದ್ದು ಸಣ್ಣ ಗುರುತುಗಳ ಕೆಲಸ: ದಾರಿ, ಮನೆಗಳು, ಮರಗಳು ಒಂದೊಂದಾಗಿ ಉಪಗ್ರಹ ಚಿತ್ರದೊಂದಿಗೆ ತಾಳೆಯಾದವು.

ಕಾಲದ ಲೆಕ್ಕವೂ ಹೀಗೆಯೇ ನಡೆಯಿತು. ವಿಡಿಯೊದಲ್ಲಿರುವ ಒಂದು ಕಟ್ಟಡ ಯಾವ ವರ್ಷದ ಉಪಗ್ರಹ ಚಿತ್ರಗಳಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಅವಧಿಯ ಎರಡು ತುದಿಗಳನ್ನು ಹಿಡಿದರು. ಕಾಲುದಾರಿ ಬೇಸಗೆಯಲ್ಲಷ್ಟೇ ಕಾಣುತ್ತಿದ್ದುದರಿಂದ ಅವಧಿ ಮತ್ತೂ ಕಿರಿದಾಯಿತು. ಆಮೇಲೆ ನಡೆಯುತ್ತಿದ್ದ ಸೈನಿಕರ ನೆರಳನ್ನೇ ಗಡಿಯಾರದ ಮುಳ್ಳಾಗಿ ಹಿಡಿದು ಸೂರ್ಯನ ಕೋನ ಲೆಕ್ಕ ಹಾಕಿದರು. ಉತ್ತರ: 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ. ಇನ್ನು ಯಾರು ಎಂಬ ಪ್ರಶ್ನೆ: 2020ರಲ್ಲಿ ಕ್ಯಾಮರೂನಿನ ಸೇನಾ ನ್ಯಾಯಾಲಯ ಈ ಕೊಲೆಗಳಿಗಾಗಿ ನಾಲ್ವರು ಸೈನಿಕರಿಗೆ ತಲಾ 10 ವರ್ಷದ ಶಿಕ್ಷೆ ಕೊಟ್ಟಿತು.

ಈ ಚಿತ್ರದಲ್ಲಿ ನನಗೆ ಮೆಚ್ಚುಗೆಯಾಗುವುದು ಜಾಣತನಕ್ಕಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುವ ರೀತಿ. ಪ್ರತಿ ಹೆಜ್ಜೆಯನ್ನೂ ನೋಡುಗನೇ ಪರೀಕ್ಷಿಸಬಹುದು. ಬೆಟ್ಟವನ್ನು ತಾವೇ ಕಂಡುಹಿಡಿದೆವೆಂದು ಅವರು ಕೊಚ್ಚಿಕೊಳ್ಳುವುದಿಲ್ಲ. ನೆಲದವರ ಮಾತಿಲ್ಲದೆ ಯಂತ್ರ ಕುರುಡಾಗಿತ್ತು ಎಂದು ಒಪ್ಪಿಕೊಳ್ಳುತ್ತಾರೆ, ಆದರೆ ಆ ಮಾತು ಹೇಳಿದವರು ಯಾರೆಂದು ಬಾಯಿಬಿಡುವುದಿಲ್ಲ. ಜಾಗವನ್ನು ಜಗಜ್ಜಾಹೀರು ಮಾಡಿದ ತಂಡವೇ ಒಬ್ಬ ಮನುಷ್ಯನನ್ನು ಮರೆಯಲ್ಲಿಟ್ಟಿತು. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬ ವಿವೇಕವೂ ಈ ವಿದ್ಯೆಯ ಭಾಗ ಎನ್ನುವುದು ಅಲ್ಲಿ ಕಾಣುತ್ತದೆ.

ಆ ವಿವೇಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚಿತ್ರ ಬಂದ ಮರುವರ್ಷವೇ ಟೋಕಿಯೊದಲ್ಲಿ ಉದಾಹರಣೆ ಸಿಕ್ಕಿತು. ಯುವ ಗಾಯಕಿಯೊಬ್ಬಳು ಹಾಕಿದ್ದ ಸೆಲ್ಫಿಯನ್ನು ಅವಳ ಅಭಿಮಾನಿಯೊಬ್ಬ ಹಿಗ್ಗಿಸಿ ನೋಡಿದ. ಅವಳ ಕಣ್ಣಪಾಪೆಯಲ್ಲಿ ಒಂದು ರೈಲು ನಿಲ್ದಾಣದ ನೋಟ ಪ್ರತಿಫಲಿಸಿತ್ತು. ಅದನ್ನು ಗೂಗಲ್ ಸ್ಟ್ರೀಟ್ ವ್ಯೂಗೆ ಹೋಲಿಸಿ ನಿಲ್ದಾಣ ಯಾವುದೆಂದು ಹಿಡಿದ. ಅವಳು ಮನೆಯೊಳಗೆ ತೆಗೆದ ವಿಡಿಯೊಗಳಲ್ಲಿ ಪರದೆ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನೂ ಅಭ್ಯಾಸ ಮಾಡಿದ್ದ. ನಿಲ್ದಾಣದಲ್ಲಿ ಕಾದು, ಹಿಂಬಾಲಿಸಿ, ಅವಳ ಮನೆಯ ಬಳಿಯೇ ಹಲ್ಲೆ ಮಾಡಿದ. ಬಿಬಿಸಿ ತಂಡ ಮಾಡಿದ್ದಕ್ಕೂ ಇವನು ಮಾಡಿದ್ದಕ್ಕೂ ವಿಧಾನದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಕಡೆ ಹಿನ್ನೆಲೆಯ ಗುರುತು, ನಕ್ಷೆ, ಬೆಳಕಿನ ದಿಕ್ಕು ಅಷ್ಟೇ. ಆದ್ದರಿಂದ ಊಹೆ ಸರಿಯಾಯಿತೇ ಎಂಬ ಒಂದೇ ಪ್ರಶ್ನೆಯಿಂದ ಈ ವಿದ್ಯೆಯ ಬೆಲೆ ಕಟ್ಟಲು ಬರುವುದಿಲ್ಲ.

‘ಇದು ಎಲ್ಲಿ ಹೇಳಿ ನೋಡೋಣ’ ಎಂಬ ಆಟ ಈಗ ಮನೆಮಾತು. ಫೋಟೊ ಹಾಕಿದವರು ಊರು ಹೇಳಿಲ್ಲದಿದ್ದರೂ ಕೆಳಗೆ ಯಾರೋ ಬೀದಿಯ ಹೆಸರನ್ನೇ ಬರೆದು ಬೆನ್ನು ತಟ್ಟಿಸಿಕೊಳ್ಳುತ್ತಾರೆ. ಆ ಊಹೆ ಎಷ್ಟು ಹರಿತವಾಗಬಲ್ಲದು ಎಂಬುದನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನ ಬಾಲ್ಕನಿಯೊಂದರಿಂದ ತೆಗೆದ ಸಂಜೆಯ ಫೋಟೊ ಎಂದುಕೊಳ್ಳಿ. ದೇವಸ್ಥಾನದ ಗೋಪುರದ ತುದಿ ಹಿಂದಿನ ಮೊಬೈಲ್ ಟವರಿನ ಎಡ ಅಂಚಿಗೆ ನೇರವಾಗಿ ಕಾಣುತ್ತಿದೆ. ನಕ್ಷೆಯಲ್ಲಿ ಟವರಿನಿಂದ ಗೋಪುರಕ್ಕೆ ಗೆರೆ ಎಳೆದು ಈಚೆಗೆ ಮುಂದುವರಿಸಿದರೆ, ಫೋಟೊ ತೆಗೆದವರು ಆ ಗೆರೆಯ ಮೇಲೆಯೇ ಎಲ್ಲೋ ನಿಂತಿರಬೇಕು. ಇನ್ನೊಂದು ಕಡೆ ಮೆಟ್ರೊ ಕಂಬವೊಂದು ನೀರಿನ ಟ್ಯಾಂಕಿನ ಮುಂದೆ ಬಂದಿದ್ದರೆ ಎರಡನೆಯ ಗೆರೆ ಸಿಗುತ್ತದೆ. ಎರಡೂ ಕೂಡುವ ಕಡೆ ಕಟ್ಟಡವಿದೆ. ದಿಗಂತದ ಮಟ್ಟಕ್ಕೆ ಬರುವ ವಸ್ತುಗಳು ಹೆಚ್ಚುಕಡಿಮೆ ಕ್ಯಾಮೆರಾದ ಎತ್ತರದಲ್ಲೇ ಇರುತ್ತವೆ. ಎದುರಿನ ಕಟ್ಟಡದ ಎಷ್ಟನೆಯ ಮಹಡಿ ಆ ಮಟ್ಟದಲ್ಲಿದೆ ಎಂದು ಎಣಿಸಿದರೆ ಬಾಲ್ಕನಿಯ ಮಹಡಿಯೂ ಹೆಚ್ಚುಕಡಿಮೆ ತಿಳಿಯುತ್ತದೆ. ಫೋಟೊದ ಜೊತೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿದರೂ ಈ ಗೆರೆಗಳು ಅಳಿಯುವುದಿಲ್ಲ. ಸುತ್ತಲಿನದನ್ನು ಕತ್ತರಿಸಿದರೂ ಉಳಿದ ಜೋಡಿಗಳು ಹಾಗೆಯೇ ಇರುತ್ತವೆ.

ಜಾಗ ಬಯಲಾಗುವ ಭಯ ಇಲ್ಲಿ ಹೊಸದಲ್ಲ. 2011ರಲ್ಲಿ ಗೂಗಲ್ ಕಾರುಗಳು ಬೆಂಗಳೂರಿನ ಬೀದಿಗಳ ಚಿತ್ರ ತೆಗೆಯಲು ಹೊರಟಾಗ ಪೊಲೀಸರು ಭದ್ರತೆಯ ಮಾತೆತ್ತಿ ನಿಲ್ಲಿಸಿದ್ದರು. 2022ರಲ್ಲಿ ಬೆಂಗಳೂರೂ ಸೇರಿದಂತೆ ಹತ್ತು ನಗರಗಳಲ್ಲಿ ಸ್ಟ್ರೀಟ್ ವ್ಯೂ ಮರಳಿ ಬಂತು. ಅಂದಿನ ಆತಂಕ ಆಯಕಟ್ಟಿನ ಜಾಗಗಳ ಬಗ್ಗೆ ಇತ್ತು. ಬೀದಿಯ ಚಿತ್ರ ತನ್ನಷ್ಟಕ್ಕೆ ಯಾರ ವಿಷಯವನ್ನೂ ಹೇಳುವುದಿಲ್ಲ. ‘ಗಂಡನ ಮನೆ ಬಿಟ್ಟುಬಂದ ಇವಳು ಈಗ ಈ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದಾಳೆ’ ಎಂಬ ಅರ್ಥ ಬರುವುದು ಒಬ್ಬ ವ್ಯಕ್ತಿಯ ಫೋಟೊಕ್ಕೆ ಇನ್ನೊಬ್ಬ ಜಾಗ ಅಂಟಿಸಿದಾಗ. ಹುಡುಕುವವನಿಗೆ ತಾಳ್ಮೆಯೋ ಚಾಕಚಕ್ಯತೆಯೋ ಇಲ್ಲದಿರಬಹುದು. ಆ ಕೊರತೆಯೇ ಅವಳಿಗಿದ್ದ ರಕ್ಷಣೆ. ಉತ್ತರವನ್ನು ಎಲ್ಲರೆದುರು ಬರೆದವನು ಅವನ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಂತೆ.

ಊಹೆ ತಪ್ಪಿದರೂ ಅಪಾಯ ತಪ್ಪುವುದಿಲ್ಲ. ಎರಡು ಬಡಾವಣೆಗಳ ಗೋಪುರಗಳು ಒಂದೇ ತೆರನಾಗಿರಬಹುದು. ಉಪಗ್ರಹ ಚಿತ್ರ ಹಳೆಯದಾಗಿ, ಹೊಸ ಕಟ್ಟಡ ಅದರಲ್ಲಿ ಇಲ್ಲದಿರಬಹುದು. ಮುಂಬದಿ ಕ್ಯಾಮೆರಾದ ಸೆಲ್ಫಿ ಎಡಬಲ ತಿರುಗಿದ್ದರೆ ಗುರುತುಗಳ ಕ್ರಮವೆಲ್ಲ ಅದಲುಬದಲು. ಬೋರ್ಡಿನ ಅಕ್ಷರ ಉಲ್ಟಾ ಇದ್ದರೆ ಅದು ಗೊತ್ತಾಗುತ್ತದೆ, ಬೋರ್ಡೇ ಇಲ್ಲದಿದ್ದರೆ ಇಲ್ಲ. ಆಗ ಸಿಟ್ಟಿನಲ್ಲಿ ಬಂದವನು ಬಾಗಿಲು ಬಡಿಯುವುದು ಸಂಬಂಧವೇ ಇಲ್ಲದವರ ಮನೆಯಲ್ಲಿ.

ಹಾಗಾದರೆ ಅಳತೆಗೋಲು ಯಾವುದು? ಕ್ಯಾಮರೂನ್ ಚಿತ್ರವನ್ನು ಟೋಕಿಯೊ ಪ್ರಕರಣದ ಮತ್ತು ನಮ್ಮ ಆಟದ ಪಕ್ಕಕ್ಕಿಟ್ಟರೆ ಮೂರು ಅಂತರಗಳು ಎದ್ದು ಕಾಣುತ್ತವೆ. ಅಲ್ಲಿ ಜಾಗ ತಿಳಿದದ್ದರಿಂದ ಸಿಕ್ಕಿಬಿದ್ದವರು ಬಂದೂಕು ಹಿಡಿದವರು, ಇಲ್ಲಿ ಬಲಿಯಾದವಳು ಒಂಟಿ ಹುಡುಗಿ. ಅಲ್ಲಿನ ಘಟನೆ ಮೂರು ವರ್ಷ ಹಳೆಯದು, ಇಲ್ಲಿ ಅವಳು ದಿನವೂ ಇಳಿಯುವ ನಿಲ್ದಾಣ. ಅಲ್ಲಿ ದಾರಿಯ ತಿರುವಿನವರೆಗೂ ನಿಖರತೆ ಬೇಕಿತ್ತು, ಏಕೆಂದರೆ ಸರ್ಕಾರವೇ ಅಲ್ಲಗಳೆದಿತ್ತು. ಸ್ನೇಹಿತೆಯ ಪ್ರವಾಸದ ಫೋಟೊಕ್ಕೆ ‘ಕೊಡಗು ಇರಬೇಕು’ ಎಂದರೆ ಆಟ ಮುಗಿಯಿತು, ಹೋಂಸ್ಟೇ ಹೆಸರು ಯಾರಿಗೂ ಬೇಕಿಲ್ಲ.

ಯೂರೋಪೋಲ್ 2017ರಲ್ಲಿ ಶುರುಮಾಡಿದ ‘ಟ್ರೇಸ್ ಆ್ಯನ್ ಆಬ್ಜೆಕ್ಟ್’ ಎಂಬ ಕೆಲಸ ಈ ಅಳತೆಗೋಲಿಗೆ ಹೊಂದುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಿಂದ ಒಂದು ಚೀಲವನ್ನೋ ಒಂದು ಬಟ್ಟೆಯನ್ನೋ ಮಾತ್ರ ಬೇರ್ಪಡಿಸಿ, ಇದು ಎಲ್ಲಿಯದು ಎಂದು ಅವರು ಜನರನ್ನು ಕೇಳುತ್ತಾರೆ. ಮಗುವಿನ ಚಿತ್ರ ಹೊರಗೆ ಬರುವುದಿಲ್ಲ, ಸುಳಿವು ತನಿಖೆ ಮಾಡುವವರಿಗೆ ತಲುಪುತ್ತದೆ. ಸಾವಿರ ಕಣ್ಣುಗಳ ಜಾಣತನ ಬಳಕೆಯಾಗುತ್ತದೆ, ಸಾವಿರ ಬಾಯಿಗಳಿಗೆ ಕೆಲಸವಿಲ್ಲ. ನಮ್ಮ ಆಟದಲ್ಲಿ ಇರುವುದು ಇದರ ತಿರುವುಮುರುವು.

ಅಪರಿಚಿತರೊಬ್ಬರ ಮನೆ ಗುರುತು ಸಿಕ್ಕಿತೇ? ‘ಈ ಫೋಟೊದಿಂದ ನಿಮ್ಮ ಕಟ್ಟಡ ಗೊತ್ತಾಗುತ್ತಿದೆ’ ಎಂದು ಅವರೊಬ್ಬರಿಗೇ ಖಾಸಗಿಯಾಗಿ ತಿಳಿಸುವುದು ಸರಿಯಾದ ಬಳಕೆ. ಅದನ್ನು ಎಲ್ಲರೆದುರು ಬಿಚ್ಚಿಟ್ಟವರ ಉತ್ತರ ನೂರಕ್ಕೆ ನೂರು ಸರಿಯಿದ್ದರೂ ನಾನು ಕೊಡುವ ಅಂಕ ಸೊನ್ನೆ.