ಆರ್ಡರ್ ಹನ್ನೊಂದು ಸಾವಿರ, ಜಮೆ ಒಂಬತ್ತು ಸಾವಿರ

ಇಂಡಿಯ ಲಿಂಬೆ ಉಪ್ಪಿನಕಾಯಿ, ಸಿಂದಗಿಯ ಖಡಕ್ ರೊಟ್ಟಿ, ಮುದ್ದೇಬಿಹಾಳದ ಶೇಂಗಾ ಹಿಂಡಿ, ಬಸವನ ಬಾಗೇವಾಡಿಯ ಒಣದ್ರಾಕ್ಷಿ ಇವನ್ನೆಲ್ಲ ಸ್ವಂತ ವೆಬ್‌ಸೈಟ್ ಮಾಡಿಕೊಂಡು ಬೆಂಗಳೂರು, ಪುಣೆಗೆ ಕಳಿಸುವವರಿಗೆ ಕೆಲವೇ ವಾರಗಳಲ್ಲಿ ಒಂದು ತಕರಾರು ಶುರುವಾಗುತ್ತದೆ. ಮೊಬೈಲ್ ತೋರಿಸುವ ಮಾರಾಟದ ಮೊತ್ತ ಒಂದು, ಪಾಸ್‌ಬುಕ್ಕಿಗೆ ಬೀಳುವ ಮೊತ್ತ ಇನ್ನೊಂದು. ನಡುವಿನ ರೊಕ್ಕವನ್ನು ಗೇಟ್‌ವೇ ಕಂಪನಿ ನುಂಗಿತು ಎಂಬುದು ಮೊದಲ ಅನುಮಾನ. ಆ ಅನುಮಾನ ಅರ್ಧ ಸರಿ, ಅರ್ಧ ತಪ್ಪು. ಗೇಟ್‌ವೇ ಶುಲ್ಕ ಚಿಕ್ಕ ತೊಂದರೆ. ಶುಲ್ಕ, ತೆರಿಗೆ, ರಿಫಂಡ್ ಎಲ್ಲವನ್ನೂ ಒಳಗೇ ಕಳೆದು, ಮೂರು ದಿನದ ಮಾರಾಟವನ್ನು ಒಂದೇ ಮೊತ್ತ ಮಾಡಿ ಖಾತೆಗೆ ಹಾಕುವ ರೂಢಿ ಇದೆಯಲ್ಲ, ದೊಡ್ಡ ತೊಂದರೆ ಅದು.

ಒಂದು ವಾರದ ಲೆಕ್ಕ ಹಿಡಿದು ನೋಡೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ನಡೆಯುವ ರೀತಿ ಮಾತ್ರ ಹೀಗೆಯೇ. ಬಾಗೇವಾಡಿ ಕಡೆಯ ಬೆಳೆಗಾರರೊಬ್ಬರು 2 ಕಿಲೋ ಒಣದ್ರಾಕ್ಷಿಯನ್ನು 900 ರೂಪಾಯಿಗೆ ಮಾರುತ್ತಾರೆ, ಕೊರಿಯರ್‌ಗೆ 120 ರೂಪಾಯಿ ಸೇರಿಸುತ್ತಾರೆ. ಗ್ರಾಹಕ ಯುಪಿಐ ಮೂಲಕ ಕೊಡುವುದು 1,020. ಗೇಟ್‌ವೇಯ ದರ ಶೇ 2 ಎಂದುಕೊಳ್ಳಿ. ಶುಲ್ಕ 20 ರೂಪಾಯಿ 40 ಪೈಸೆ, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ 3 ರೂಪಾಯಿ 67 ಪೈಸೆ, ಕೂಡಿದರೆ 24.07. ಇಲ್ಲಿ ಗಮನಿಸಬೇಕಾದ್ದು, ಶುಲ್ಕ ಬಿದ್ದದ್ದು 900ರ ಮೇಲಲ್ಲ, 1,020ರ ಮೇಲೆ. ಕೊರಿಯರ್‌ನವನ ಕೈಗೆ ಹೋಗುವ 120 ರೂಪಾಯಿಗೂ ಬೆಳೆಗಾರನೇ ಶುಲ್ಕ ಕಟ್ಟುತ್ತಾನೆ. ಆತನ ಮಾಲಿನ ಬೆಲೆಗೆ ಹೋಲಿಸಿದರೆ ‘ಶೇ 2’ ಎಂದು ಬರೆದದ್ದು ನಿಜದಲ್ಲಿ ಶೇ 2.67 ಆಗುತ್ತದೆ.

ಈಗ ಶುಕ್ರವಾರ ನಾಲ್ಕು, ಎರಡನೇ ಶನಿವಾರ ಎರಡು, ರವಿವಾರ ಐದು ಆರ್ಡರ್ ಬಂದವು ಅನ್ನೋಣ. ಒಪ್ಪಂದದಲ್ಲಿ ‘ಟಿ+2’ ಎಂದಿದೆ, ಅಂದರೆ ಪಾವತಿಯಾದ ದಿನ ಬಿಟ್ಟು ಎರಡು ಕೆಲಸದ ದಿನ. ಎರಡನೇ ಶನಿವಾರವೂ ರವಿವಾರವೂ ಲೆಕ್ಕಕ್ಕಿಲ್ಲ. ಹಾಗಾಗಿ ಮೂರೂ ದಿನದ ಹಣ ಸೇರಿ ಮಂಗಳವಾರ ಒಂದೇ ಕಂತಿನಲ್ಲಿ ಬರುತ್ತದೆ. ಹನ್ನೊಂದು ಆರ್ಡರ್‌ಗಳ ಮೊತ್ತ 11,220. ಶುಲ್ಕ ಮತ್ತು ಜಿಎಸ್‌ಟಿ 264.77. ಇದರ ಜೊತೆಗೆ ಹಿಂದಿನ ವಾರದ ಒಂದು ಡಬ್ಬಿ ಒಡೆದು ತಲುಪಿತ್ತು, ಸೋಮವಾರ ಅದರ 1,020 ರೂಪಾಯಿ ರಿಫಂಡ್ ಕೊಟ್ಟಾಗಿದೆ. ಆ ಹಣ ಬೆಳೆಗಾರನ ಬ್ಯಾಂಕ್ ಖಾತೆಯಿಂದ ಹೋಗುವುದಿಲ್ಲ, ಮಂಗಳವಾರದ ಕಂತಿನಲ್ಲೇ ಮುರಿದುಕೊಳ್ಳಲಾಗುತ್ತದೆ. ಕೊನೆಗೆ ಪಾಸ್‌ಬುಕ್ಕಿನಲ್ಲಿ ಒಂದು ಯುಟಿಆರ್ ಸಂಖ್ಯೆಯ ಮುಂದೆ ಒಂದೇ ಸಾಲು: 9,935.23.

ವ್ಯತ್ಯಾಸ 1,284.77. ಒಟ್ಟು ಮಾರಾಟದ ಹನ್ನೊಂದೂವರೆ ಪರ್ಸೆಂಟು. ‘ಎರಡು ಪರ್ಸೆಂಟ್ ಅಂದಾವ್ರು ಹನ್ನೊಂದು ಹಿಡದಾರ’ ಎಂದು ಬೆಳೆಗಾರ ಸಿಟ್ಟಾದರೆ ತಪ್ಪು ಹೇಳಲಾಗದು. ಅವನ ಕಣ್ಣಿಗೆ ಕಾಣುವುದು ಎರಡೇ ಅಂಕಿ. ಅದರಲ್ಲಿ 1,020 ರೂಪಾಯಿ ಬೇರೆ ವಾರದ, ಬೇರೆ ಆರ್ಡರಿನ ಹಣ ಎಂಬುದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಇದು ಹೆಚ್ಚು ಅಪಾಯಕಾರಿ. ಕಡಿತ ಯಾವಾಗಲೂ ಏರುಪೇರು ಎಂದು ಒಮ್ಮೆ ರೂಢಿಯಾದ ಮೇಲೆ, ನಿಜವಾಗಿಯೂ ಒಂದು ಆರ್ಡರಿನ ಹಣ ತಡೆಹಿಡಿದು ನಿಂತಾಗ ಅದು ಯಾರಿಗೂ ಹೊಳೆಯುವುದೇ ಇಲ್ಲ.

ಒಣದ್ರಾಕ್ಷಿ ಬೆಳೆದವರಿಗೆ ಕಡಿತ ಹೊಸದಲ್ಲ. ತಾಸಗಾಂವಕ್ಕೋ ವಿಜಯಪುರದ ಎಪಿಎಂಸಿಗೋ ಮಾಲು ಹಾಕಿ ಬಂದವರ ಜೇಬಿನಲ್ಲಿ ಪಟ್ಟಿ ಇರುತ್ತದೆ. ಬಾಕ್ಸ್ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಉಚ್ಚಲು ಮುಂಗಡ ಮುರಿದದ್ದು ಎಷ್ಟು ಎಂದು ಸಾಲುಸಾಲಾಗಿ ಬರೆದ ಕಾಗದ ಅದು. ಅಡತಿ ಅಂಗಡಿಯ ಲೆಕ್ಕದಲ್ಲಿ ಅನ್ಯಾಯಗಳಿದ್ದವು, ಇವೆ, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಜಗಳ ಆಡಲು ಪಟ್ಟಿಯಲ್ಲಿ ಒಂದು ಸಾಲಾದರೂ ಸಿಗುತ್ತದೆ. ಗೇಟ್‌ವೇಯಲ್ಲೂ ಪಟ್ಟಿ ಇದೆ, ಆದರೆ ಅದು ಹಣದ ಜೊತೆ ಬರುವುದಿಲ್ಲ. ಡ್ಯಾಶ್‌ಬೋರ್ಡಿಗೆ ಹೋಗಿ, ಸೆಟಲ್‌ಮೆಂಟ್ ವರದಿ ಹುಡುಕಿ, ಎಕ್ಸೆಲ್ ಫೈಲ್ ಇಳಿಸಿಕೊಳ್ಳಬೇಕು. ಅದರ ಕಾಲಮ್ಮುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ, `type`, `credit`, `debit`, `fee`, `tax`, `settlement_utr` ಎಂಬಂತೆ.

ಈ ವರದಿಯಲ್ಲೇ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕೆಲವು ಗೇಟ್‌ವೇಗಳ ವರದಿಯಲ್ಲಿ `fee` ಎಂಬ ಅಂಕಿಯೊಳಗೇ `tax` ಸೇರಿರುತ್ತದೆ. ಅಂದರೆ `fee` 24.07, `tax` 3.67 ಎಂದಿದ್ದರೆ ಕಳೆಯಬೇಕಾದ್ದು 24.07 ಮಾತ್ರ. ಎರಡನ್ನೂ ಕಳೆದವರಿಗೆ ಪ್ರತಿ ಆರ್ಡರಿಗೆ 3.67 ರೂಪಾಯಿ ಹೆಚ್ಚು ಜಮೆಯಾದಂತೆ ಕಂಡು ಲೆಕ್ಕ ಕೂಡದೆ ಹೋಗುತ್ತದೆ. ಒಂದೇ ಆರ್ಡರ್ ಹಿಡಿದು `amount`ನಿಂದ `fee` ಕಳೆದು ನೋಡಿ. ಅದು `credit`ಗೆ ಸಮವಾದರೆ ತೆರಿಗೆ ಒಳಗೇ ಇದೆ ಎಂದರ್ಥ. ಇಷ್ಟು ಗೊತ್ತಾದ ಮೇಲೆ ಬ್ಯಾಂಕಿನ ಯುಟಿಆರ್ ಹಿಡಿದು ವರದಿಯಲ್ಲಿ ಅದೇ ಸಂಖ್ಯೆಯ ಸಾಲುಗಳನ್ನಷ್ಟೇ ಶೋಧಿಸಬೇಕು. ನಮ್ಮ ಉದಾಹರಣೆಯಲ್ಲಿ ಹನ್ನೆರಡು ಸಾಲು ಬರುತ್ತವೆ: ಹನ್ನೊಂದು `payment`, ಒಂದು `refund`. `credit`ಗಳ ಮೊತ್ತದಲ್ಲಿ `debit` ಕಳೆದರೆ 9,935.23 ಬರಲೇಬೇಕು. ತಾರೀಖು ಹಿಡಿದು ಹೊಂದಿಸಲು ಹೋದರೆ ಎಂದೂ ಹೊಂದುವುದಿಲ್ಲ. ಮಾರಾಟದ ತಾರೀಖು ಮತ್ತು ಜಮೆಯ ತಾರೀಖು ಬೇರೆಬೇರೆ, ಎರಡನ್ನೂ ಕಟ್ಟಿಹಾಕಿರುವ ದಾರ ಯುಟಿಆರ್ ಒಂದೇ.

ಇನ್ನು ಶುಲ್ಕದ ನ್ಯಾಯ. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿ 1ರಿಂದ ಎಂಡಿಆರ್ ಇಲ್ಲ. ಹಾಗಿದ್ದೂ ಯುಪಿಐ ಆರ್ಡರಿಗೆ ಶುಲ್ಕ ಹೇಗೆ? ಎಂಡಿಆರ್ ಎಂಬುದು ಪಾವತಿ ಸ್ವೀಕಾರಕ್ಕೆ ಬ್ಯಾಂಕಿನ ಕಡೆಯಿಂದ ವಿಧಿಸುವ ದರ. ಗೇಟ್‌ವೇ ತಾನು ಕೊಡುವ ತಂತ್ರಾಂಶ ಸೇವೆಗೆಂದು ಬೇರೆ ಹೆಸರಿನಲ್ಲಿ ಶುಲ್ಕ ಹಾಕುತ್ತದೆ. ಸೇವೆಗೆ ಬೆಲೆ ಇದೆ, ಒಪ್ಪುತ್ತೇನೆ. ಕ್ಯೂಆರ್ ಕೋಡ್ ಕಳಿಸಿ ನೇರವಾಗಿ ಹಣ ಪಡೆದರೆ ಶುಲ್ಕವೂ ಇಲ್ಲ, ತಡವೂ ಇಲ್ಲ. ಆದರೆ ಯಾವ ಹಣ ಯಾವ ಆರ್ಡರಿನದು ಎಂದು ಕೈಯಲ್ಲೇ ಹೊಂದಿಸಬೇಕು, ವಾಟ್ಸ್‌ಆ್ಯಪ್‌ಗೆ ಬರುವ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಿ ಮೋಸಹೋಗಬಾರದು. ದಿನಕ್ಕೆ ಎರಡು ಮೂರು ಆರ್ಡರ್ ಇರುವ ಸಿಂದಗಿಯ ರೊಟ್ಟಿ ಮನೆಗೆ ಕ್ಯೂಆರ್ ಸಾಕು. ದಿನಕ್ಕೆ ಇಪ್ಪತ್ತು ಆರ್ಡರ್ ಆದರೆ ಗೇಟ್‌ವೇ ತನ್ನ ಶುಲ್ಕವನ್ನು ದುಡಿದು ಕೊಡುತ್ತದೆ.

ಜಿಎಸ್‌ಟಿಯ ವಿಷಯದಲ್ಲಿ ಒಂದು ವಿಚಿತ್ರ ಇದೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆಯಲ್ಲಿ ಎರಡು ಸ್ಪಷ್ಟನೆಗಳು ಹೊರಬಿದ್ದವು. ಎರಡೂ ನಮ್ಮ ಈ ಬೆಳೆಗಾರನಿಗೆ ಸಂಬಂಧಪಟ್ಟವು. ತಾನೇ ಬೆಳೆದ ಒಣದ್ರಾಕ್ಷಿ ಮಾರುವ ಕೃಷಿಕನಿಗೆ ಜಿಎಸ್‌ಟಿ ಇಲ್ಲ ಎಂಬುದು ಒಂದು. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಪೇಮೆಂಟ್ ಅಗ್ರಿಗೇಟರ್‌ಗಳು 2,000 ರೂಪಾಯಿವರೆಗಿನ ಕಾರ್ಡ್ ಪಾವತಿಗಳನ್ನು ಸೆಟಲ್ ಮಾಡಿಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ, ಹಣ ಮುಟ್ಟಿಸದ ಬರೀ ತಂತ್ರಜ್ಞಾನ ಸೇವೆಗೆ ಇಲ್ಲ ಎಂಬುದು ಇನ್ನೊಂದು. ಹಾಗಾಗಿ 1,020 ರೂಪಾಯಿಯನ್ನು ಕಾರ್ಡಿನಲ್ಲಿ ಕೊಟ್ಟರೆ ಆ ಸೆಟಲ್‌ಮೆಂಟ್ ಶುಲ್ಕದ ಮೇಲಿನ 3.67 ಬೀಳಬಾರದು. ವರದಿಯ `tax` ಕಾಲಮ್ಮಿನಲ್ಲಿ ಬಿದ್ದಿದ್ದರೆ ಕೇಳುವ ಹಕ್ಕಿದೆ. ಯುಪಿಐ ಆರ್ಡರಿಗೆ ಆ ವಿನಾಯಿತಿಯ ಮಾತು ತಲುಪುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಪಡೆಯಬಹುದು. ನೋಂದಣಿಯ ಅಗತ್ಯವೇ ಇಲ್ಲದ ಕೃಷಿಕನಿಗೆ ಅದು ಹೋದದ್ದು ಹೋಯಿತು. ತೆರಿಗೆ ಇಲ್ಲ ಎಂದು ಕಾನೂನು ಹೇಳಿದವನೇ ಪ್ರತಿ ಯುಪಿಐ ಆರ್ಡರಿಗೂ ತೆರಿಗೆ ಹೊರುತ್ತಾನೆ. ಇದು ಸರಿಯಲ್ಲ.

ತಡದ ಬಗ್ಗೆ ಕೊಡುವ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ನೆಫ್ಟ್ 2019ರ ಡಿಸೆಂಬರ್ 16ರಿಂದ ರವಿವಾರವೂ ಸೇರಿ ದಿನದ 24 ಗಂಟೆ ನಡೆಯುತ್ತಿದೆ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ. ಹಣ ಸಾಗಿಸಲು ದಾರಿ ಇಲ್ಲ ಎನ್ನುವ ಕಾಲ ಮುಗಿದಿದೆ. ಗ್ರಾಹಕ ತಕರಾರು ತೆಗೆದರೆ, ಮೋಸದ ಪಾವತಿಯಾದರೆ ಎಂಬ ಜಾಗ್ರತೆಗೆ ಒಂದೆರಡು ದಿನ ಇಟ್ಟುಕೊಳ್ಳುವುದು ಅರ್ಥವಾಗುತ್ತದೆ. ಆದರೆ ಅದೇ ಹಣವನ್ನು ಅದೇ ದಿನ ಕೊಡಲು ಹೆಚ್ಚುವರಿ ಶುಲ್ಕ ಕೇಳುವ ಯೋಜನೆಯೂ ಮಾರಾಟಕ್ಕಿದೆ. ಶುಲ್ಕ ಕೊಟ್ಟ ಕೂಡಲೇ ಮಾಯವಾಗುವ ಅಪಾಯ ಎಂಥ ಅಪಾಯ? ಇತ್ತ ಬೆಳೆಗಾರ ಹನ್ನೊಂದು ಪಾರ್ಸೆಲ್ಲಿಗೆ 1,320 ರೂಪಾಯಿಯನ್ನು ಕೊರಿಯರ್‌ಗೆ ಮೊದಲೇ ತುಂಬಿರುತ್ತಾನೆ.

ಒಮ್ಮೊಮ್ಮೆ ಹಣ ಮಂಗಳವಾರವೂ ಬರುವುದಿಲ್ಲ. ಆಗ ಮೊದಲು ನೋಡಬೇಕಾದ್ದು ಬ್ಯಾಂಕಿನ ವಿವರ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾದ ಮೇಲೆ `SYNB`ಯಿಂದ ಶುರುವಾಗುವ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈ 1ರಿಂದ ನಿಂತುಹೋದವು. ಬ್ಯಾಂಕ್ ವಿಲೀನವಾದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ವಿಲೀನವಾಯಿತು, ನಮ್ಮ ವಿಜಯಪುರ ಜಿಲ್ಲೆಯ ಎಷ್ಟೋ ರೈತರ ಖಾತೆ ಅಲ್ಲಿಯೇ. ಗೇಟ್‌ವೇಯಲ್ಲಿ ಹಳೆಯ ಕೋಡ್ ಉಳಿದಿದ್ದು ಅದು ಚಾಲ್ತಿಯಲ್ಲಿಲ್ಲದಿದ್ದರೆ ಹಣ ಹೊರಟು ಹಿಂದೆ ಬರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರು ಇದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೂ ತಡೆ ಬೀಳಬಹುದು.

ಪುಸ್ತಕದಲ್ಲಿ ಬರೆಯುವಾಗ ಮಾರಾಟ ಎಂದರೆ 11,220, ಎಂದಿಗೂ 9,935 ಅಲ್ಲ. ಶುಲ್ಕ ಖರ್ಚಿನ ಕಡೆ, ರಿಫಂಡ್ ಬೇರೆ ಸಾಲಿನಲ್ಲಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಯಾವ ಜಮೆ ಯಾವುದರದ್ದು ಎಂದು ಬಿಡಿಸಿ ಹೇಳಲು ಕಾಗದವಿಲ್ಲದವರು ಹೆಚ್ಚು ಒದ್ದಾಡಿದರು.

ಗೇಟ್‌ವೇ ಕಂಪನಿಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಹಣ ಹಾಕಿದ ದಿನವೇ ಒಟ್ಟು ಮಾರಾಟ, ಶುಲ್ಕ, ತೆರಿಗೆ, ರಿಫಂಡ್ ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಎಸ್‌ಎಂಎಸ್ ಮಾಡಲಿ. ಅಲ್ಲಿಯವರೆಗೆ ಮಾರುವವರು ಒಂದು ಕೆಲಸ ಮಾಡಿಕೊಳ್ಳಬಹುದು. ರಿಫಂಡಿಗೆಂದೇ ಬೇರೆ ಹಣ ಮುಂಗಡ ತುಂಬಿಡುವ ಅನುಕೂಲ ಕೆಲವು ಗೇಟ್‌ವೇಗಳಲ್ಲಿದೆ, ಖಾತೆ ತೆರೆಯುವಾಗಲೇ ಕೇಳಿ ಪಡೆಯಬೇಕು. ಆಗ ರಿಫಂಡ್ ಅಲ್ಲಿಂದ ಹೋಗುತ್ತದೆ, ಮಂಗಳವಾರ ಖಾತೆಗೆ 10,955.23 ಬೀಳುತ್ತದೆ, ಕಡಿತ ಎಂದು ಉಳಿಯುವುದು 264.77 ಮಾತ್ರ.