‘ಮಾತಾಡು’ ಅಂದಮೇಲೆ ಏನು?

ಪರೀಕ್ಷೆಯ ಒತ್ತಡದ ಬಗ್ಗೆ ಶಾಲೆಗಳಲ್ಲಿ ತೋರಿಸಲೆಂದು ಧಾರವಾಡದ ಮಾಳಮಡ್ಡಿಯ ಕೆಲವು ಗೆಳೆಯರು ಆರು ನಿಮಿಷದ ವಿಡಿಯೊಗೆ ಸ್ಕ್ರಿಪ್ಟ್ ಬರೆದಿದ್ದಾರೆ. ಹತ್ತನೇ ತರಗತಿಯ ಹುಡುಗಿ, ಅವಳ ತಾಯಿ, ಪಕ್ಕದ ಮನೆಯ ಕಾಕು, ಇಷ್ಟೇ ಪಾತ್ರಗಳು. ಕಾಕು ಬಾಗಿಲಲ್ಲೇ ನಿಂತು ‘ಎಷ್ಟ ಪರ್ಸೆಂಟ್ ಆಗ್ತದ ನಿಂದು?’ ಎಂದು ಕೇಳುತ್ತಾಳೆ, ಹುಡುಗಿ ನಕ್ಕು ಒಳಗೆ ಹೋಗುತ್ತಾಳೆ. ಆ ನಗೆಯನ್ನು ಬರೆದ ಕೈಗೆ ಊರು ಗೊತ್ತು. ಉಪದೇಶದ ಪರದೆಯೂ ಇಲ್ಲ, ಇಷ್ಟು ಮಕ್ಕಳು ಜೀವ ಕಳೆದುಕೊಂಡರು ಎಂಬ ಲೆಕ್ಕವೂ ಇಲ್ಲ. ಅಂಥ ಲೆಕ್ಕದಿಂದ ಶುರುವಾಗುವ ಜಾಗೃತಿ ಚಿತ್ರಗಳು, ಕಷ್ಟ ಬಂದಾಗ ಎಲ್ಲರೂ ಮಾಡುವುದು ಅದನ್ನೇ ಎಂಬ ಭಾವನೆಯನ್ನು ತಾವೇ ಬಿತ್ತುತ್ತವೆ. ಈ ಸ್ಕ್ರಿಪ್ಟ್ ಆ ಗುಂಡಿಗೆ ಬಿದ್ದಿಲ್ಲ.

ತೊಂದರೆ ಶುರುವಾಗುವುದು ಮೂರನೇ ದೃಶ್ಯದಲ್ಲಿ. ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟ ರಾತ್ರಿ ಹುಡುಗಿ ಕಿಟಕಿಯ ಬಳಿ ಕೂತಿದ್ದಾಳೆ. ದೂರದಲ್ಲಿ ರೈಲಿನ ಸದ್ದು, ಕ್ಯಾಮೆರಾ ನಿಧಾನವಾಗಿ ಅತ್ತ ಹೊರಳುತ್ತದೆ. ಬರೆದವರಿಗೆ ಅದು ಸ್ಟೇಷನ್ನಿಗೆ ಹತ್ತಿರದ ಬಡಾವಣೆಯ ಗುರುತು, ಅಷ್ಟೇ. ಆದರೆ ವಿಡಿಯೊ ನೋಡುವ, ಮನಸ್ಸು ಕುಸಿದ ಹುಡುಗ ಅದನ್ನು ಬೇರೆ ರೀತಿ ಓದಬಲ್ಲ. ತೆರೆಗೆ ಕೆಲಸ ಮಾಡುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಕೈಪಿಡಿ ಸಾಯುವ ವಿಧಾನವನ್ನು ತೋರಿಸಬೇಡಿ ಎನ್ನುತ್ತದೆ. ಸೂಚನೆಯಾಗಿಯೂ ಅದು ನುಸುಳದಂತೆ ನೋಡಿಕೊಳ್ಳುವುದು ಬರಹಗಾರರ ಕೆಲಸ. ರೈಲಿನ ಬದಲು ಪಕ್ಕದ ಮನೆಯ ರೇಡಿಯೊ ಕೇಳಿಸಿದರೆ ದೃಶ್ಯ ಏನನ್ನೂ ಕಳೆದುಕೊಳ್ಳುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ತಾಯಿಯ ಮಾತಿನಲ್ಲಿದೆ. ‘ಅಮ್ಮಾ, ನನಗ ಏನೂ ಬ್ಯಾಡ ಅನಸ್ಲಿಕತ್ತದ’ ಎಂದು ಹುಡುಗಿ ಹೇಳುತ್ತಾಳೆ. ಇಡೀ ಸ್ಕ್ರಿಪ್ಟಿನ ಅತ್ಯಂತ ಧೈರ್ಯದ ಸಾಲು ಇದು. ತಾಯಿ ತಲೆ ಸವರಿ, ‘ಹಂಗೆಲ್ಲಾ ಅನಬಾರ್ದವಾ, ಒಂದು ಪರೀಕ್ಷಿಗೆ ಇಷ್ಟ್ಯಾಕ ಹೆದರ್ತಿ?’ ಅನ್ನುತ್ತಾಳೆ. ಹಿನ್ನೆಲೆಯಲ್ಲಿ ಕೊಳಲು. ಕೇಳಲು ಇಂಪು, ಆದರೆ ಬಾಗಿಲು ಅಲ್ಲೇ ಮುಚ್ಚಿತು. ‘ಹಂಗ ಅನಬಾರದು’ ಎಂದರೆ ಇನ್ನು ಹೇಳಬೇಡ ಎಂದೇ ಮಗುವಿಗೆ ಕೇಳಿಸುತ್ತದೆ. ‘ಒಂದು ಪರೀಕ್ಷಿ’ ಎನ್ನುವುದು ಅವಳ ಭಾರವನ್ನು ಸಣ್ಣದು ಮಾಡುತ್ತದೆ. ವಿಡಿಯೊ ಮಕ್ಕಳಿಗೆ ‘ಮಾತಾಡು’ ಎಂದು ಹೇಳಿಕೊಡುತ್ತದೆ, ಕೇಳುವುದು ಹೇಗೆ ಎಂದು ದೊಡ್ಡವರಿಗೆ ಹೇಳುವುದೇ ಇಲ್ಲ. ನನ್ನ ಕೈಲಿದ್ದರೆ ತಾಯಿ ಮೊದಲು ಸುಮ್ಮನೆ ಪಕ್ಕದಲ್ಲಿ ಕೂರುತ್ತಾಳೆ. ‘ಯಾವಾಗಿಂದ ಹೀಂಗ ಅನಸ್ಲಿಕತ್ತದ? ನಿದ್ದಿ ಬರ್ತದೇನು?’ ಎಂದು ಕೇಳುತ್ತಾಳೆ. ಆಮೇಲೆ ಅಂಜದೆ, ‘ಜೀವಾನ ಬ್ಯಾಡ ಅಂತ ಅನಸ್ತದೇನವಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ಬಹಳ ಜನಕ್ಕಿದೆ. ಅಧ್ಯಯನಗಳು ಅದನ್ನು ಎತ್ತಿಹಿಡಿದಿಲ್ಲ, ನೇರವಾಗಿ ಕೇಳಿದಾಗ ಎಷ್ಟೋ ಮಂದಿಗೆ ಹಗುರಾಗುತ್ತದೆ. ಉತ್ತರ ‘ಹೌದು’ ಎಂದಾದರೆ ಆ ರಾತ್ರಿ ಅವಳನ್ನು ಒಂಟಿಯಾಗಿ ಬಿಡಬಾರದು, ಅಂದೇ ಸಹಾಯ ಕೇಳಬೇಕು. ಇವನ್ನು ತೋರಿಸಲು ಅರ್ಧ ನಿಮಿಷ ಸಾಕು. ಸ್ಕ್ರಿಪ್ಟ್ ಅಷ್ಟೇ ಹೊತ್ತನ್ನು ಸೂರ್ಯೋದಯಕ್ಕೆ ಕೊಟ್ಟಿದೆ.

ಸಹಾಯ ಎಲ್ಲಿ? ಇಲ್ಲಿ ಬರಹಗಾರರು ತಮ್ಮ ಊರಿಗೇ ನಾಚಿಕೊಂಡಂತಿದೆ. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು’ ಎಂದರೆ ಅದು ಬೈಗುಳ, ಮಾನಸಿಕ ಆಸ್ಪತ್ರೆ ಇಲ್ಲಿರುವುದರಿಂದ ಹುಟ್ಟಿದ ಕುಹಕ. ಆ ಆಸ್ಪತ್ರೆ ಇಂದು ಡಿಮ್ಹಾನ್ಸ್. ಮಾಳಮಡ್ಡಿಯಿಂದ ಅಲ್ಲಿಗೆ ದೂರದ ಪ್ರಯಾಣವೇನೂ ಇಲ್ಲ. ಆದರೂ ಸ್ಕ್ರಿಪ್ಟಿನಲ್ಲಿ ಅದರ ಹೆಸರಿಲ್ಲ, ‘ತಜ್ಞರನ್ನು ಕಾಣಿ’ ಎಂಬ ಎರಡು ಪದಗಳಿವೆ. ಯಾವ ತಜ್ಞರು, ಹೋದರೆ ಏನು ಕೇಳುತ್ತಾರೆ, ಹೊರರೋಗಿಯಾಗಿ ತೋರಿಸಿ ಮನೆಗೆ ಬರಬಹುದೇ? ತಾಯಿಮಗಳು ಆ ಗೇಟಿನ ಒಳಗೆ ನಡೆದು ಹೋಗುವ ಒಂದು ಸಾದಾ ಶಾಟ್ ಆ ಕುಹಕಕ್ಕೆ ಉತ್ತರವಾಗುತ್ತಿತ್ತು.

ಟೆಲಿ ಮಾನಸ್ ಸಂಖ್ಯೆ 14416 ಕೊನೆಗೆ ಬಂದಿದೆ, ತಿಳಿನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ, ಸಂಗೀತ ಇಳಿಯುವ ಹೊತ್ತಿಗೆ. ಶಾಲೆಯ ಹಾಲ್‌ನಲ್ಲಿ ಅಷ್ಟರಲ್ಲಿ ಮಕ್ಕಳು ಎದ್ದು ಬಿಟ್ಟಿರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಇವನ್ನು ಪಾತ್ರವೇ ಬಾಯಿಬಿಟ್ಟು ಹೇಳಬೇಕು, ಯಾರಾದರೂ ಫೋನ್ ಮಾಡುವುದು ಕತೆಯ ಒಳಗೇ ನಡೆಯಬೇಕು.

ಮುಕ್ತಾಯದಲ್ಲಿ ಹುಡುಗಿಗೆ ತೊಂಬತ್ತೆರಡು ಪರ್ಸೆಂಟ್ ಬಂದು ಕಾಕು ಪೇಢೆ ತರುತ್ತಾಳೆ. ಹಾಗಾದರೆ ಕಡಿಮೆ ಬಂದವಳ ಗತಿ? ಇದೊಂದನ್ನು ಬದಲಿಸಲೇಬೇಕು. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಹುಡುಗಿಗೆ ಗಣಿತ ಈ ಸಲವೂ ಕೈಕೊಡಲಿ, ಅವಳು ಎರಡನೇ ಪರೀಕ್ಷೆಗೆ ಹೆಸರು ಕೊಡಲಿ. ಕಾಕು ಪೇಢೆ ತರುವುದಿದ್ದರೆ ಫಲಿತಾಂಶಕ್ಕೆ ಮೊದಲೇ ತರಲಿ.